ಚಿಕ್ಕ ಸಾಲ ಮೊದಲೋ, ದುಬಾರಿ ಸಾಲ ಮೊದಲೋ?

(ಸಂಬಳದ ಕೆಲಸದವರು ಮತ್ತು ಸಣ್ಣ ಅಂಗಡಿಯವರು ಸೇರಿದ್ದ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಲೆಕ್ಕಗಳನ್ನು ಇನ್ನೊಮ್ಮೆ ಮಾಡಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೇ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಪರಿಚಯದವರು ಯಾರೋ ನೂರಕ್ಕೆ ನಾಲ್ಕು ರೂಪಾಯಿ ಬಡ್ಡಿಗೆ ಸಾಲ ತಂದಿದ್ದಾರೆ ಅಂತ ಗೊತ್ತಾದರೆ ಏನನ್ನುತ್ತೀರಿ? "ಅವನ ಕಥೆ ಮುಗೀತು ಬಿಡಿ" ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಸರಿ. ಈಗ ನಿಮ್ಮ ಕ್ರೆಡಿಟ್ ಕಾರ್ಡ್ ಬಿಲ್ಲಿನ ಹಿಂಬದಿ ನೋಡಿ. ಬಹಳಷ್ಟು ಕಾರ್ಡ್‌ಗಳಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸು ಬಡ್ಡಿ ಎಂದು ಬರೆದಿರುತ್ತದೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಮೂರೂವರೆ ರೂಪಾಯಿಗೆ 63 ಪೈಸೆ ತೆರಿಗೆ ಸೇರಿದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ ಆಯಿತು. ಅದು ನಿಮ್ಮ ಜೇಬಿನಲ್ಲೇ ಇದೆ.

ಇಷ್ಟು ಬಡ್ಡಿಗೆ ಕಡಿವಾಣ ಇಲ್ಲವೇ ಅಂತ ಕೇಳಬಹುದು. ವರ್ಷಕ್ಕೆ ಶೇ. 30ಕ್ಕಿಂತ ಜಾಸ್ತಿ ಹಾಕುವುದು ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಈಗ ಕಾರ್ಡ್ ಕೊಟ್ಟವರು ಹೇಳಿದ್ದೇ ದರ.

ಇವತ್ತಿನ ವಿಷಯ ನಾಲ್ಕೈದು ಸಣ್ಣ ಸಾಲ ಒಟ್ಟಿಗೆ ತಲೆ ಮೇಲೆ ಇದ್ದಾಗ ಯಾವುದನ್ನು ಮೊದಲು ತೀರಿಸಬೇಕು ಅನ್ನುವುದು. ಇದಕ್ಕೆ ಎರಡು ದಾರಿ ಹೇಳುತ್ತಾರೆ. ಎಲ್ಲಕ್ಕಿಂತ ಚಿಕ್ಕ ಬಾಕಿ ಇರುವುದನ್ನು ಮೊದಲು ಮುಗಿಸಿ, ಅಲ್ಲಿ ಬಿಡುವಾದ ಕಂತಿನ ದುಡ್ಡನ್ನು ಅದಕ್ಕಿಂತ ಸ್ವಲ್ಪ ದೊಡ್ಡದಕ್ಕೆ ಹಾಕುತ್ತಾ ಹೋಗುವುದು ಸ್ನೋಬಾಲ್. ಬಾಕಿ ಎಷ್ಟೇ ಇರಲಿ, ಬಡ್ಡಿ ಎಲ್ಲಿ ಜಾಸ್ತಿಯೋ ಅಲ್ಲಿಗೆ ಮೊದಲು ಹೊಡೆಯುವುದು ಅವಲಾಂಚ್. ಎರಡರಲ್ಲೂ ಉಳಿದ ಸಾಲಗಳಿಗೆ ಕಡ್ಡಾಯದ ಕಂತನ್ನು ತಪ್ಪದೆ ಕಟ್ಟಬೇಕು. ಎರಡರಲ್ಲೂ ತಿಂಗಳಿಗೆ ಸಾಲಕ್ಕೆಂದು ಎತ್ತಿಡುವ ಒಟ್ಟು ಮೊತ್ತ ಕೊನೆಯವರೆಗೆ ಕಡಿಮೆ ಆಗಬಾರದು. ಒಂದು ಸಾಲ ಮುಗಿದಾಗ "ಅಬ್ಬಾ, ಎರಡು ಸಾವಿರ ಉಳೀತು" ಅಂತ ಆ ದುಡ್ಡು ಮನೆ ಖರ್ಚಿಗೆ ಸೇರಿಕೊಂಡರೆ ಎರಡೂ ಕೆಡುತ್ತವೆ.

ಸುಮ್ನೆ ವಾದ ಮಾಡುವ ಬದಲು ಒಂದು ಮನೆಯ ಲೆಕ್ಕ ಹಾಕೋಣ. ಸವಿತಾ ಎಂದಿಟ್ಟುಕೊಳ್ಳಿ, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ಸಾಲಕ್ಕೆಂದು ತಿಂಗಳಿಗೆ ₹15,000 ಎತ್ತಿಡಬಲ್ಲರು. ಅವರ ಬಳಿ ನಾಲ್ಕು ಸಾಲ ಇದೆ. ಮೊಬೈಲ್ ಇಎಂಐ ಇನ್ನೂ ₹9,000 ಬಾಕಿ, ತಿಂಗಳಿಗೆ ₹1,500, ಬಡ್ಡಿ ಇಲ್ಲ. ಫೋನಿನ ಆಪ್‌ನಲ್ಲಿ ತೆಗೆದ ಸಾಲ ₹20,000, ಎರಡು ರೂಪಾಯಿ ಬಡ್ಡಿ, ಕಂತು ₹1,900. ಪರ್ಸನಲ್ ಲೋನ್ ₹60,000, ಒಂದೂವರೆ ರೂಪಾಯಿ ಬಡ್ಡಿ, ಕಂತು ₹3,000. ಕೊನೆಗೆ ಕ್ರೆಡಿಟ್ ಕಾರ್ಡ್ ₹80,000, ನಾಲ್ಕು ರೂಪಾಯಿ ಹದಿಮೂರು ಪೈಸೆ. ಕಾರ್ಡಿಗೆ ಈಗಿನ ಕನಿಷ್ಠ ಪಾವತಿ ಶೇ. 5, ಅಂದರೆ ₹4,000. ಕಡ್ಡಾಯದ್ದೆಲ್ಲ ಕೂಡಿಸಿದರೆ ₹10,400. ಉಳಿಯುವ ₹4,600 ಎಲ್ಲಿಗೆ ಹೋಗಬೇಕು ಅನ್ನುವುದಷ್ಟೇ ಪ್ರಶ್ನೆ.

ಬ್ಯಾಂಕಿನ ಭಾಷೆಯಲ್ಲಿ ಇವು ವರ್ಷಕ್ಕೆ ಶೇ. 24, ಶೇ. 18, ಜಿಎಸ್‌ಟಿ ಬಿಟ್ಟು ಶೇ. 42 ಎಂದು ಬರುತ್ತವೆ. ನಾನು ಬೇಕೆಂದೇ ಎಲ್ಲವನ್ನೂ ನಮ್ಮ ರೂಪಾಯಿ ಬಡ್ಡಿಗೆ ಇಳಿಸಿದ್ದೇನೆ. ಒಂದೇ ಅಳತೆಗೆ ತರದೆ ಯಾವುದು ದುಬಾರಿ ಅಂತ ಗೊತ್ತಾಗುವುದೇ ಇಲ್ಲ. ಅದರಲ್ಲೂ "ಫ್ಲಾಟ್" ಬಡ್ಡಿ ಅನ್ನುವವರ ಬಗ್ಗೆ ಹುಷಾರಾಗಿರಿ. ಒಂದು ಲಕ್ಷಕ್ಕೆ ಶೇ. 12 ಫ್ಲಾಟ್, ಎರಡು ವರ್ಷ ಅಂದರೆ ಬಡ್ಡಿ ₹24,000, ಕಂತು ₹5,167. ಕೇಳೋಕೆ ಒಂದು ರೂಪಾಯಿ ಬಡ್ಡಿ. ಆದರೆ ಅಸಲು ಪ್ರತಿ ತಿಂಗಳು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ನಿಂತಿರುತ್ತದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಹೀಗೆ ಟೈಪ್ ಮಾಡಿ:

```
=RATE(24,-5167,100000)
```

ಉತ್ತರ ಸುಮಾರು ಶೇ. 1.8 ಬರುತ್ತದೆ. ಶೇಕಡಾ ಆಗಿ ಕಾಣದಿದ್ದರೆ 0.018 ಎಂದು ಬಂದಿರುತ್ತದೆ. 2% ಎಂದು ದುಂಡಾಗಿ ತೋರಿಸಿದರೆ ದಶಮಾಂಶ ಸ್ಥಾನ ಹೆಚ್ಚಿಸಿ ನೋಡಿ. ಒಂದು ರೂಪಾಯಿ ಅಂದಿದ್ದು ಅಸಲಿಗೆ ಒಂದು ರೂಪಾಯಿ ಎಂಬತ್ತು ಪೈಸೆ. ಮೊದಲನೆಯ ಅಂಕಿ ಎಷ್ಟು ಕಂತು, ಎರಡನೆಯದು ಕಂತಿನ ಮೊತ್ತ, ಮೂರನೆಯದು ನಿಮ್ಮ ಕೈಗೆ ನಿಜವಾಗಿ ಬಂದ ದುಡ್ಡು. ಪ್ರೊಸೆಸಿಂಗ್ ಫೀ ಮುರಿದುಕೊಂಡು ಕೊಟ್ಟಿದ್ದರೆ ಮುರಿದ ಮೇಲಿನ ಮೊತ್ತವನ್ನೇ ಹಾಕಬೇಕು. ಆಪ್ ಸಾಲಗಳ ಬಣ್ಣ ಬಯಲಾಗುವುದು ಇಲ್ಲೇ.

ಈಗ ಸವಿತಾ ಅವರ ಲೆಕ್ಕ. ಮೊದಲು ಸ್ನೋಬಾಲ್. ಹೆಚ್ಚಿನ ₹4,600 ಮೊಬೈಲ್‌ಗೆ ಹೋಗುತ್ತದೆ, ಎರಡನೇ ತಿಂಗಳಲ್ಲೇ ಅದು ಮುಗಿಯುತ್ತದೆ. ಆಮೇಲೆ ಆಪ್ ಸಾಲಕ್ಕೆ ತಿಂಗಳಿಗೆ ₹8,000 ಬೀಳುತ್ತದೆ, ನಾಲ್ಕನೇ ತಿಂಗಳಲ್ಲಿ ಅದೂ ಇಲ್ಲ. ನಂತರ ಪರ್ಸನಲ್ ಲೋನ್‌ಗೆ ತಿಂಗಳಿಗೆ ₹11,000, ಒಂಬತ್ತನೇ ತಿಂಗಳಲ್ಲಿ ಅದೂ ಚುಕ್ತಾ. ನೋಡೋಕೆ ತುಂಬಾ ಚೆನ್ನಾಗಿದೆ, ಅಲ್ವಾ? ಒಂಬತ್ತು ತಿಂಗಳಲ್ಲಿ ಮೂರು ಸಾಲ ಮುಗಿದವು.

ಆದರೆ ಅಷ್ಟು ದಿನ ಕಾರ್ಡ್ ಏನು ಮಾಡುತ್ತಿತ್ತು? ಮೊದಲ ತಿಂಗಳು ಕಟ್ಟಿದ ₹4,000ದಲ್ಲಿ ₹3,304 ಬಡ್ಡಿ ಮತ್ತು ತೆರಿಗೆಗೇ ಹೋಯಿತು. ಅಸಲು ಇಳಿದಿದ್ದು ₹696. ಎಂಟು ತಿಂಗಳಲ್ಲಿ ₹32,000 ಕಟ್ಟಿದ ಮೇಲೂ ಕಾರ್ಡಿನ ಬಾಕಿ ₹73,557. ಎಂಬತ್ತು ಸಾವಿರ ಎಪ್ಪತ್ಮೂರೂವರೆ ಆಗಿದೆ, ಅಷ್ಟೇ. ಕೊನೆಗೆ ಹದಿನೈದನೇ ತಿಂಗಳಲ್ಲಿ ಎಲ್ಲ ತೀರುತ್ತದೆ. ಒಟ್ಟು ಬಡ್ಡಿ ₹44,560.

ಅವಲಾಂಚ್‌ನಲ್ಲಿ ಮೊದಲ ದಿನದಿಂದಲೇ ಕಾರ್ಡಿಗೆ ₹8,600 ಹೋಗುತ್ತದೆ. ಆರು ತಿಂಗಳ ನಂತರ ಮೊಬೈಲ್ ಕಂತು ತಾನಾಗೇ ಮುಗಿದು ಆ ₹1,500 ಕೂಡ ಕಾರ್ಡಿಗೆ ಸೇರುತ್ತದೆ. ಕಾರ್ಡ್ ತೀರುವುದು ಹನ್ನೊಂದನೇ ತಿಂಗಳಲ್ಲಿ. ಆಪ್ ಸಾಲ ಹನ್ನೆರಡಕ್ಕೆ ಮುಗಿಯುತ್ತದೆ, ಪರ್ಸನಲ್ ಲೋನ್ ಹದಿನಾಲ್ಕಕ್ಕೆ. ಒಟ್ಟು ಬಡ್ಡಿ ₹33,792. ಸ್ನೋಬಾಲ್‌ಗಿಂತ ₹10,768 ಕಡಿಮೆ, ಒಂದು ತಿಂಗಳು ಬೇಗ.

ಸಭೆಯಲ್ಲಿ ಇಲ್ಲಿ ಒಬ್ಬರು ಎದ್ದು ಕೇಳಿದರು: "ಸರ್, ಒಂದು ತಿಂಗಳ ವ್ಯತ್ಯಾಸಕ್ಕೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ?" ಒಳ್ಳೆಯ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಈ ವ್ಯತ್ಯಾಸ ನಾಲ್ಕೈದು ನೂರು ರೂಪಾಯಿ ಮಾತ್ರ ಇರುತ್ತದೆ. ಎಲ್ಲ ಸಾಲಗಳೂ ಒಂದೂವರೆ ಎರಡು ರೂಪಾಯಿ ಬಡ್ಡಿಯ ಆಸುಪಾಸಿನಲ್ಲಿದ್ದರೆ ಯಾವುದನ್ನು ಮೊದಲು ಕಟ್ಟಿದರೂ ಒಂದೇ. ಅತಿ ಚಿಕ್ಕ ಸಾಲವೇ ಅತಿ ದುಬಾರಿಯೂ ಆಗಿದ್ದರೆ ಎರಡು ದಾರಿಯೂ ಅಲ್ಲಿಂದಲೇ ಶುರುವಾಗುತ್ತವೆ. ವ್ಯತ್ಯಾಸ ಹತ್ತು ಸಾವಿರ ದಾಟುವುದು ಒಂದೇ ಸಂದರ್ಭದಲ್ಲಿ. ಅತಿ ದೊಡ್ಡ ಬಾಕಿಯೇ ಅತಿ ದುಬಾರಿ ಬಾಕಿಯೂ ಆಗಿ, ಸ್ನೋಬಾಲ್ ಸಾಲಿನ ಕೊನೆಯಲ್ಲಿ ಕೂತಿರುವಾಗ. ನಮ್ಮಲ್ಲಿ ಕ್ರೆಡಿಟ್ ಕಾರ್ಡ್ ಕೂತಿರುವುದು ಬಹುಪಾಲು ಅಲ್ಲೇ. ಕಾರ್ಡಿಗೂ ಬೇರೆ ಸಾಲಕ್ಕೂ ನಡುವೆ ಇಲ್ಲಿ ಎರಡು ಮೂರು ಪಟ್ಟು ಅಂತರ ಇದೆ. ಸ್ನೋಬಾಲ್‌ನ ಮಾತು ಹೆಚ್ಚು ಕೇಳಿಬರುವ ಅಮೆರಿಕದಲ್ಲಿ ಕಾರ್ಡಿನ ಬಡ್ಡಿ ನಮ್ಮದರ ಅರ್ಧದಷ್ಟು. ಅಲ್ಲಿನ ಸಲಹೆಯನ್ನು ಇಲ್ಲಿಗೆ ಹಾಗೇ ತಂದರೆ ಬೆಲೆ ಜಾಸ್ತಿ ಬೀಳುತ್ತದೆ.

ಹಾಗಾದರೆ ಸ್ನೋಬಾಲ್ ದಡ್ಡತನವೇ? ಇಲ್ಲ. ಡೇವಿಡ್ ಗಾಲ್ ಮತ್ತು ಬ್ಲೇಕ್ ಮೆಕ್‌ಶೇನ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಒಂದು ಸಾಲ ಇತ್ಯರ್ಥ ಕಂಪನಿಯ ಗ್ರಾಹಕರ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎಷ್ಟು ದುಡ್ಡು ತೀರಿತು ಅನ್ನುವುದನ್ನು ಬದಿಗಿಟ್ಟು ನೋಡಿದರೂ, ಹೆಚ್ಚು ಖಾತೆಗಳನ್ನು ಮುಚ್ಚಿದವರು ಕೊನೆಯವರೆಗೆ ಹೋಗಿ ಸಾಲಮುಕ್ತರಾಗುವುದು ಜಾಸ್ತಿ ಎಂದು ಅವರಿಗೆ ಕಂಡಿತು. ಆದರೆ ಅವರೆಲ್ಲ ಕಟ್ಟಲಾಗದೆ ಇತ್ಯರ್ಥಕ್ಕೆ ಹೋದವರು. ತಿಂಗಳು ತಿಂಗಳು ಕಂತು ಸರಿಯಾಗಿ ಕಟ್ಟುತ್ತಿರುವ ಸವಿತಾ ಅವರಿಗೆ ಅದು ಅಷ್ಟೇ ಅನ್ವಯಿಸುತ್ತದೆ ಅಂತ ನಾನು ಹೇಳಲಾರೆ.

ನನಗೆ ಸ್ನೋಬಾಲ್‌ನ ನಿಜವಾದ ಬಲ ಕಾಣುವುದು ಬೇರೆ ಕಡೆ. ಒಂದು ಇಎಂಐ ಪೂರ್ತಿ ಮುಗಿದರೆ ನಿಮ್ಮ ಕಡ್ಡಾಯದ ಖರ್ಚು ಇಳಿಯುತ್ತದೆ. ಸವಿತಾ ಅವರ ಉದಾಹರಣೆಯಲ್ಲಿ ನಾಲ್ಕು ತಿಂಗಳಾದ ಮೇಲೆ ಸ್ನೋಬಾಲ್‌ನಲ್ಲಿ ಕಟ್ಟಲೇಬೇಕಾದದ್ದು, ಕಾರ್ಡಿಗೆ ಆಗಿನ ಬಾಕಿಯ ಶೇ. 5 ಹಿಡಿದರೆ, ಸುಮಾರು ₹6,850. ಅವಲಾಂಚ್‌ನಲ್ಲಿ ಅದು ಸುಮಾರು ₹9,270. ಗಂಡನ ಕೆಲಸ ಒಂದು ತಿಂಗಳು ನಿಂತಿತು ಅಂದುಕೊಳ್ಳಿ. ಆಗ ಈ ₹2,400 ತುಂಬಾ ದೊಡ್ಡ ಮೊತ್ತ. ಕಂತು ಬೌನ್ಸ್ ಆದರೆ ಸಾಲ ಕೊಟ್ಟವರೂ ದಂಡ ಹಾಕುತ್ತಾರೆ, ನಿಮ್ಮ ಬ್ಯಾಂಕೂ ಹಾಕುತ್ತದೆ, ಸಿಬಿಲ್‌ನಲ್ಲೂ ಗುರುತು ಬೀಳುತ್ತದೆ. ಆಟೋ ಓಡಿಸುವವರು, ಅಂಗಡಿಯವರು, ಕಮಿಷನ್ ಮೇಲೆ ದುಡಿಯುವವರು ಈ ಅಂಕಿಯನ್ನು ಬಡ್ಡಿಯ ಅಂಕಿಯಷ್ಟೇ ಗಮನವಿಟ್ಟು ನೋಡಬೇಕು. ಸರ್ಕಾರಿ ಸಂಬಳ ಇರುವವರಿಗೆ ಇದು ಅಷ್ಟು ಮುಖ್ಯವಲ್ಲ.

ಜನ ನಿಜವಾಗಿ ಮಾಡುವುದು ಇವೆರಡರಲ್ಲಿ ಒಂದೂ ಅಲ್ಲ. ಬ್ರಿಟನ್ನಿನ ಕಾರ್ಡುದಾರರ ಬಗ್ಗೆ ಜಾನ್ ಗ್ಯಾದರ್‌ಗುಡ್ ಮತ್ತು ಜೊತೆಗಾರರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಎರಡು ಮೂರು ಕಾರ್ಡ್ ಇರುವವರು ಬಡ್ಡಿ ನೋಡುವುದೇ ಇಲ್ಲ, ಬಾಕಿ ಎಲ್ಲಿ ಎಷ್ಟಿದೆಯೋ ಅದೇ ಪಾಲಿನಲ್ಲಿ ದುಡ್ಡು ಹಂಚುತ್ತಾರೆ ಎಂದು ಅದರಲ್ಲಿ ಕಂಡುಬಂತು. ನಮ್ಮಲ್ಲೂ ಅಷ್ಟೇ. ಇಲ್ಲೊಂದು ಸಾವಿರ, ಅಲ್ಲೊಂದು ಸಾವಿರ, ಯಾರಿಗೂ ಬೇಜಾರಾಗಬಾರದು ಅನ್ನುವ ಹಾಗೆ. ಬಡ್ಡಿಯೂ ಉಳಿಯುವುದಿಲ್ಲ, ಸಾಲವೂ ಮುಗಿಯುವುದಿಲ್ಲ.

ಈಗ ನಡುವಿನ ಒಂದು ದಾರಿ ನೋಡೋಣ. ಮೊಬೈಲ್ ಇಎಂಐ ಮುಟ್ಟಬೇಡಿ. ಅದಕ್ಕೆ ಬಡ್ಡಿ ಇಲ್ಲ, ಬೇಗ ಕಟ್ಟಿದರೆ ಒಂದು ಪೈಸೆಯೂ ಉಳಿಯುವುದಿಲ್ಲ, ಆರು ತಿಂಗಳಲ್ಲಿ ತಾನಾಗೇ ಹೋಗುತ್ತದೆ. ಸ್ನೋಬಾಲ್ ಪಟ್ಟಿಯಲ್ಲಿ ಅದನ್ನು ಮೊದಲು ಇಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಹೆಚ್ಚಿನ ₹4,600 ನೇರ ಆಪ್ ಸಾಲಕ್ಕೆ ಹಾಕಿ. ನಾಲ್ಕನೇ ತಿಂಗಳಲ್ಲಿ ಅದು ಮುಗಿಯುತ್ತದೆ. ಆಮೇಲೆ ಎಲ್ಲವನ್ನೂ ಕಾರ್ಡಿನ ಮೇಲೆ ತಿರುಗಿಸಿ. ಹನ್ನೆರಡನೇ ತಿಂಗಳಲ್ಲಿ ಕಾರ್ಡ್ ಚುಕ್ತಾ, ಹದಿನಾಲ್ಕಕ್ಕೆ ಎಲ್ಲವೂ. ಒಟ್ಟು ಬಡ್ಡಿ ₹36,342. ಶುದ್ಧ ಅವಲಾಂಚ್‌ಗಿಂತ ₹2,550 ಜಾಸ್ತಿ, ಆದರೆ ಮುಗಿಯುವ ತಿಂಗಳು ಅದೇ. ಫೋನಿಗೆ ಪದೇ ಪದೇ ನೋಟಿಫಿಕೇಶನ್ ಕಳಿಸುವ, ಒಂದು ದಿನ ತಡವಾದರೆ ಕರೆ ಮಾಡುವ ಒಂದು ಸಾಲ ನಾಲ್ಕೇ ತಿಂಗಳಲ್ಲಿ ಇಲ್ಲವಾಯಿತು. ಅದಕ್ಕೆ ₹2,550 ಕೊಡುವುದು ನನಗೆ ದುಬಾರಿ ಅನ್ನಿಸುವುದಿಲ್ಲ. ₹10,768 ಕೊಡುವುದು ದುಬಾರಿ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಈ ಎರಡು ಅಂಕಿ ಎಷ್ಟು ಬರುತ್ತದೆ ಎಂದು ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಇಲ್ಲಿಯವರೆಗೆ ನಾನು ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನೀವು ಕೊಡುತ್ತೇನೆ ಅಂದರೂ ಸಾಲ ಕೊಟ್ಟವರು ತಗೊಳ್ಳಬೇಕಲ್ಲ? ಕಾರ್ಡಿಗೆ ಯಾವಾಗ ಎಷ್ಟು ಬೇಕಾದರೂ ಕಟ್ಟಬಹುದು. ಪರ್ಸನಲ್ ಲೋನ್ ಹಾಗಲ್ಲ. ಕೆಲವು ಕಡೆ ಮೊದಲ ಹನ್ನೆರಡು ಕಂತು ಆಗುವ ತನಕ ಹೆಚ್ಚಿಗೆ ಕಟ್ಟಲು ಬಿಡುವುದಿಲ್ಲ. ಕೆಲವು ಕಡೆ ವರ್ಷಕ್ಕೆ ಒಮ್ಮೆ ಮಾತ್ರ. ಸ್ಥಿರ ಬಡ್ಡಿಯ ಸಾಲವಾದರೆ ಅವಧಿಗೆ ಮೊದಲು ಮುಗಿಸಿದ್ದಕ್ಕೆ ಶುಲ್ಕವೂ ಇರುತ್ತದೆ. ಶುಲ್ಕ ಶೇ. 4 ಇದ್ದರೆ ₹35,000 ಬಾಕಿಗೆ ₹1,400, ಅದಕ್ಕೆ ಜಿಎಸ್‌ಟಿ ₹252, ಒಟ್ಟು ₹1,652. ಬದಲಾಗುವ ಬಡ್ಡಿಯ ಸಾಲಗಳಿಗೆ ಆರ್‌ಬಿಐ ನಿಯಮ ಬೇರೆ. 2026ರ ಜನವರಿ 1ರಿಂದ ಮಂಜೂರಾದವುಗಳಲ್ಲಿ, ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ತೆಗೆದ ಸಾಲಕ್ಕೆ ಈ ಶುಲ್ಕ ಹಾಕುವಂತಿಲ್ಲ. ಆದರೆ ಪರ್ಸನಲ್ ಲೋನ್‌ಗಳಲ್ಲಿ ಹೆಚ್ಚಿನವು ಸ್ಥಿರ ಬಡ್ಡಿಯವು. ನಿಮ್ಮದು ಯಾವುದು ಅಂತ ಸಾಲದ ಕಾಗದದಲ್ಲೇ ಇರುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಸ್ನೋಬಾಲ್ ಲೆಕ್ಕದಲ್ಲಿ ನಾವು ಐದನೇ ತಿಂಗಳಿಂದ ಪರ್ಸನಲ್ ಲೋನ್‌ಗೆ ತಿಂಗಳಿಗೆ ₹8,000 ಹೆಚ್ಚಿಗೆ ಹಾಕಿದೆವು. ನಿಜ ಜೀವನದಲ್ಲಿ ಅದನ್ನು ಅವರು ತಗೊಳ್ಳದೇ ಇರಬಹುದು. ಆಗ ದುಡ್ಡು ಉಳಿತಾಯ ಖಾತೆಯಲ್ಲಿ ಕೂತಿರುತ್ತದೆ, ಪಕ್ಕದಲ್ಲೇ ಕಾರ್ಡ್ ನಾಲ್ಕು ರೂಪಾಯಿ ಬಡ್ಡಿ ತಿನ್ನುತ್ತಿರುತ್ತದೆ. ಹಾಗಾಗಿ ಪಟ್ಟಿ ಮಾಡುವಾಗ ಬಾಕಿ, ಬಡ್ಡಿ ಜೊತೆಗೆ ಇನ್ನೊಂದು ಕಾಲಂ ಹಾಕಿ: ಹೆಚ್ಚಿಗೆ ಕಟ್ಟಬಹುದೇ, ಕಟ್ಟಿದರೆ ಶುಲ್ಕ ಎಷ್ಟು. ಹೆಚ್ಚಿಗೆ ಕಟ್ಟಲು ಬಿಡುವ ಕಡೆಯೂ ಒಂದು ಮಾತು ಕೇಳಿ. ಹೆಚ್ಚಿಗೆ ಕಟ್ಟಿದ್ದನ್ನು ಕಂತು ಇಳಿಸೋಕೆ ಹಾಕುತ್ತಾರಾ, ಅವಧಿ ಇಳಿಸೋಕೆ ಹಾಕುತ್ತಾರಾ? ಸಂಬಳ ಗಟ್ಟಿ ಇದ್ದರೆ ಅವಧಿ ಇಳಿಸಿ ಅನ್ನಿ. ಕೆಲವು ಆಪ್‌ಗಳಲ್ಲಿ ಹೆಚ್ಚಿಗೆ ಹಾಕಿದ ದುಡ್ಡು ಸುಮ್ಮನೆ ಮುಂದಿನ ಕಂತಿಗೆ ಮುಂಗಡವಾಗಿ ಕೂತಿರುತ್ತದೆ. ಅಸಲು ಇಳಿದಿರುವುದೇ ಇಲ್ಲ. ಕಟ್ಟಿದ ಮರುದಿನ ಸ್ಟೇಟ್‌ಮೆಂಟ್ ತೆಗೆದು ಅಸಲಿನ ಬಾಕಿ ಎಷ್ಟು ತೋರಿಸುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ.

ಮಧ್ಯದ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನಾಲ್ಕು ಎಳೆ ಸರ ಬೀರುವಿನಲ್ಲಿ ಸುಮ್ನೆ ಇದೆ. ಅದನ್ನ ಅಡ ಇಟ್ಟು ಕಾರ್ಡ್ ತೀರಿಸಿಬಿಟ್ರೆ ಹೇಗೆ?" ಇಡೀ ಸಂಜೆಯ ಅತಿ ಒಳ್ಳೆಯ ಪ್ರಶ್ನೆ ಇದೇ ಅಂತ ನಾನು ಅವರಿಗೆ ಹೇಳಿದೆ.

ಚಿನ್ನದ ಸಾಲ ಒಂದು ರೂಪಾಯಿ ಬಡ್ಡಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆಗೂ ಸಿಗುವುದುಂಟು. ₹80,000 ತಂದು ಕಾರ್ಡ್ ತೀರಿಸಿದರೆ ಮೊದಲ ತಿಂಗಳ ಬಡ್ಡಿ ₹3,304 ಇದ್ದದ್ದು ₹800 ಆಗುತ್ತದೆ. ಮುಟ್ಟಬೇಡಿ ಅಂದ ಮೊಬೈಲ್ ಇಎಂಐ ಬಿಟ್ಟು ಈಗ ಸವಿತಾ ಅವರ ಪಟ್ಟಿ ಹೊಸದಾಗಿ ನೋಡಿ. ಬಾಕಿಯ ಪ್ರಕಾರ ಜೋಡಿಸಿದರೆ ಆಪ್ 20 ಸಾವಿರ, ಪರ್ಸನಲ್ 60 ಸಾವಿರ, ಚಿನ್ನ 80 ಸಾವಿರ. ಬಡ್ಡಿಯ ಪ್ರಕಾರ ಜೋಡಿಸಿದರೆ ಆಪ್ ಎರಡು ರೂಪಾಯಿ, ಪರ್ಸನಲ್ ಒಂದೂವರೆ, ಚಿನ್ನ ಒಂದು. ಎರಡು ಪಟ್ಟಿಯೂ ಒಂದೇ ಆಯಿತು. ಸ್ನೋಬಾಲೋ ಅವಲಾಂಚೋ ಎಂಬ ಜಗಳವೇ ಉಳಿಯಲಿಲ್ಲ. ಅದೇ ₹15,000 ಕಟ್ಟುತ್ತಾ ಹೋದರೆ ಹದಿಮೂರನೇ ತಿಂಗಳಲ್ಲಿ ಎಲ್ಲ ಮುಗಿಯುತ್ತದೆ, ಒಟ್ಟು ಬಡ್ಡಿ ಸುಮಾರು ₹12,760. ಅಡ ಇಡುವ ಖರ್ಚು, ಪರ್ಸನಲ್ ಲೋನ್‌ನ ಶುಲ್ಕ ಎರಡೂ ಸೇರಿದರೂ ಇದರ ಹತ್ತಿರ ಬೇರೆ ಯಾವ ದಾರಿಯೂ ಬರುವುದಿಲ್ಲ. ಯಾವುದನ್ನು ಮೊದಲು ಕಟ್ಟಬೇಕು ಅನ್ನುವುದರಿಂದ ಉಳಿಯುವುದು ಹತ್ತು ಸಾವಿರ. ದುಬಾರಿ ಸಾಲವನ್ನು ಅಗ್ಗದ ಸಾಲವಾಗಿ ಬದಲಾಯಿಸಿದರೆ ಅದರ ಮೇಲೆ ಇನ್ನೂ ಇಪ್ಪತ್ತೊಂದು ಸಾವಿರ.

ಚಿನ್ನ ಇಲ್ಲದವರು ಕಾರ್ಡಿನ ಬಾಕಿಯನ್ನೇ ಇಎಂಐ ಮಾಡಿಕೊಡಿ ಅಂತ ಬ್ಯಾಂಕನ್ನು ಕೇಳಬಹುದು. ಬಡ್ಡಿ ಒಂದೂವರೆ ರೂಪಾಯಿಯ ಆಸುಪಾಸಿಗೆ ಇಳಿಯುವುದುಂಟು. ಶುಲ್ಕ ಮತ್ತು ಜಿಎಸ್‌ಟಿ ಸೇರಿಸಿ, ಮೇಲೆ ಹೇಳಿದ RATE ಸೂತ್ರದಲ್ಲಿ ಹಾಕಿ ನೋಡಿದ ಮೇಲೆ ಹ್ಞೂಂ ಅನ್ನಿ.

ಆದರೆ ಆ ತಾಯಿಗೆ ನಾನು ಇನ್ನೂ ಎರಡು ಮಾತು ಹೇಳಬೇಕಾಯಿತು. ಒಂದು, ಅಡ ಇಟ್ಟ ಚಿನ್ನಕ್ಕೆ ತಿಂಗಳ ಕಂತು ಇಲ್ಲದಿರಬಹುದು, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕೇಳುತ್ತಾರೆ. ಕಟ್ಟು ಅಂತ ಯಾರೂ ನೆನಪಿಸದ ಸಾಲ ಕೊನೆಯವರೆಗೆ ಹಾಗೇ ಉಳಿದು, ನವೀಕರಣ ಆಗುತ್ತಾ ಹೋಗಿ, ಒಂದು ದಿನ ಹರಾಜಿನ ನೋಟಿಸ್ ಬರುತ್ತದೆ. ಎರಡು, ಕಾರ್ಡಿನಲ್ಲಿ ಈಗ ಎಂಬತ್ತು ಸಾವಿರದ ಲಿಮಿಟ್ ಖಾಲಿ ಇದೆ. ದಸರಾ, ದೀಪಾವಳಿ ಆಫರ್ ಬಂದಾಗ ಅದು ಮತ್ತೆ ತುಂಬಿದರೆ ಮನೆಯಲ್ಲಿ ಈಗ ಎರಡು ಸಾಲ. ಲಿಮಿಟ್ ಇಳಿಸಿ ಅಂತ ಅದೇ ವಾರ ಬ್ಯಾಂಕಿಗೆ ಕೇಳಿಕೊಳ್ಳುವುದು ಒಳ್ಳೆಯದು.

ಯಾವ ದಾರಿ ಹಿಡಿದರೂ ಕಾರ್ಡ್ ಎಲ್ಲಿ ಕೈಕೊಡುತ್ತದೆ ಎಂದು ಈಗ ಹೇಳುತ್ತೇನೆ. ಹಿಂದಿನ ಬಾಕಿ ಉಳಿದಿರುವ ಕಾರ್ಡಿನಲ್ಲಿ ಬಡ್ಡಿಯಿಲ್ಲದ 45 ದಿನ ಅನ್ನುವುದು ಇರುವುದಿಲ್ಲ. ಇವತ್ತು ಪೆಟ್ರೋಲ್ ಹಾಕಿಸಿದರೆ ಇವತ್ತಿಂದಲೇ ಬಡ್ಡಿ. ಸವಿತಾ ₹8,600 ಕಟ್ಟಿ ಅದೇ ಕಾರ್ಡಿನಲ್ಲಿ ₹4,000 ದಿನಸಿ ತಂದರೆ ಮೊದಲ ತಿಂಗಳು ಬಾಕಿ ಇಳಿಯುವುದು ₹1,300 ಕೂಡ ಅಲ್ಲ. ಆಟೋ ಡೆಬಿಟ್ "ಕನಿಷ್ಠ ಮೊತ್ತ" ಎಂದು ಸೆಟ್ ಆಗಿದೆಯಾ ಎಂದೂ ನೋಡಿಕೊಳ್ಳಿ. ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ, ನೀವು ಕಟ್ಟುವುದೂ ಗೊತ್ತಿಲ್ಲದೆ ಇಳಿಯುತ್ತದೆ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ಕೊನೆಯ ದಿನಾಂಕಕ್ಕೆ ಕಾಯದೆ ಸಂಬಳ ಬಂದ ದಿನವೇ ಕಟ್ಟಿ. ₹8,600 ಅನ್ನು 18 ದಿನ ಮುಂಚೆ ಕಟ್ಟಿದರೆ ಆ ತಿಂಗಳು ಸುಮಾರು ₹210 ಉಳಿಯುತ್ತದೆ.

ಪ್ರತಿ ತಿಂಗಳ ಬಿಲ್ಲಿನಲ್ಲಿ ಬಡ್ಡಿ ಮತ್ತು ಅದರ ಜಿಎಸ್‌ಟಿ ಸೇರಿದ ಮೊತ್ತವನ್ನು ಮಾತ್ರ ಒಂದು ಡೈರಿಯಲ್ಲಿ ಬರೆದಿಡಿ. ಅವಲಾಂಚ್‌ನಲ್ಲಿ ಅದು ಮೂರು ಸಾವಿರ ಮುನ್ನೂರು, ಮೂರು ಸಾವಿರ ಚಿಲ್ಲರೆ, ಎರಡು ಸಾವಿರದ ಎಂಟುನೂರು ಅಂತ ಇಳಿಯುತ್ತಾ ಬರಬೇಕು. ಎರಡು ತಿಂಗಳು ಒಂದೇ ಕಡೆ ನಿಂತರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಕೊನೆಯ ಪ್ರಶ್ನೆ ಒಬ್ಬ ಹುಡುಗನದು. ಬಿಲ್ಲಿನಲ್ಲಿದ್ದ ಪೂರ್ತಿ ಮೊತ್ತ ಕಟ್ಟಿದ ಮೇಲೂ ಮುಂದಿನ ತಿಂಗಳು ಏಳುನೂರು ಚಿಲ್ಲರೆ ಬಂದಿತ್ತಂತೆ, ಮೋಸ ಆಯಿತಾ ಅಂತ ಕೇಳಿದ. ಮೋಸ ಅಲ್ಲ. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿಗೆ ಬರುತ್ತದೆ. ಹಾಗಾಗಿ ಕಾರ್ಡ್ ತೀರಿತು ಅಂತ ಅಂದುಕೊಂಡ ತಿಂಗಳ ಮುಂದಿನ ಬಿಲ್ಲನ್ನೂ ನೋಡಿ, ಬಂದಿದ್ದನ್ನು ಕಟ್ಟಿ, ಅದರ ಮುಂದಿನದು ಸೊನ್ನೆ ಬಂದ ಮೇಲೆ ಕಾರ್ಡ್ ಮುಚ್ಚಲು ಅರ್ಜಿ ಹಾಕಿ. ಬಾಕಿ ಇಲ್ಲದ ಕಾರ್ಡನ್ನು ಅರ್ಜಿ ಬಂದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ನಿಮಗೆ ಕೊಡಬೇಕು ಎಂದು ಆರ್‌ಬಿಐ 2022ರ ನಿಯಮದಲ್ಲಿ ಹೇಳಿದೆ. ಆಪ್ ಸಾಲ, ಪರ್ಸನಲ್ ಲೋನ್ ಮುಗಿದಾಗ ನೋ ಡ್ಯೂಸ್ ಪತ್ರ ಕೇಳಿ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದರೆ ಆ ಖಾತೆಯ ಮುಂದೆ "ಕ್ಲೋಸ್ಡ್" ಎಂದಿರಬೇಕು. "ಸೆಟಲ್ಡ್" ಎಂದಿದ್ದರೆ ಪೂರ್ತಿ ಕಟ್ಟಿಲ್ಲ ಅಂತ ಅದರ ಅರ್ಥ. ಪೂರ್ತಿ ಕಟ್ಟಿಯೂ ಹಾಗಿದ್ದರೆ ಆ ಪತ್ರ ಕೈಯಲ್ಲಿಟ್ಟುಕೊಂಡು, ಸಿಬಿಲ್ ವೆಬ್‌ಸೈಟ್‌ನಲ್ಲೇ ತಿದ್ದುಪಡಿಗೆ ದೂರು ಕೊಡಬಹುದು.